ರಿವ್ಯೂವರ್ 2 ಕೇಳಿದ ಪ್ರಶ್ನೆ

ಕಳೆದ ಬೇಸಿಗೆಯಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬೋರ್‌ವೆಲ್‌ಗಳ ನೀರು ತಂದು ಫ್ಲೋರೈಡ್ ಅಳೆದಿದ್ದೆವು. ಬಾಟಲಿ ಹೊತ್ತವರಲ್ಲಿ ನಾನೂ ಒಬ್ಬ. ಮೇಡಂ ಮತ್ತು ಇಬ್ಬರು ಸೀನಿಯರ್‌ಗಳು ಬರೆದ ಪೇಪರ್ ಜರ್ನಲ್‌ಗೆ ಹೋಯಿತು. ಮೂರು ತಿಂಗಳಾದ ಮೇಲೆ ಇಬ್ಬರು ರಿವ್ಯೂವರ್‌ಗಳ ಹದಿನೇಳು ಕಾಮೆಂಟ್ ಹೊತ್ತು ವಾಪಸ್ ಬಂತು. ಉತ್ತರದ ಪತ್ರದ ಮೊದಲ ಡ್ರಾಫ್ಟ್ ಮಾಡೋ ಕೆಲಸ ನನಗೆ ಬಿತ್ತು.

ಈ ಪತ್ರದ ರೂಪ ಸರಳ. ಅವರ ಕಾಮೆಂಟನ್ನು ಒಂದಕ್ಷರ ಬದಲಿಸದೆ ಅಂಟಿಸಬೇಕು, ಕೆಳಗೆ ನಮ್ಮ ಉತ್ತರ, ಅದರ ಕೆಳಗೆ ಪೇಪರ್‌ನಲ್ಲಿ ಬದಲಾದ ವಾಕ್ಯ, ಪುಟ ಮತ್ತು ಸಾಲಿನ ಸಂಖ್ಯೆ. ಎಡಿಟರ್ ಮೊದಲು ತೆರೆಯೋದು ಈ ಪತ್ರವನ್ನೇ. ಅದನ್ನು ಓದಿದರೆ ಸಾಕು, ಪೇಪರ್ ತೆಗೆದು ಹುಡುಕೋ ಪ್ರಮೇಯ ಬರಬಾರದು ಅಂತ ಮೇಡಂ ಹೇಳಿದ್ದರು. ಸಾಲಿನ ಸಂಖ್ಯೆಯನ್ನು ಕಟ್ಟಕಡೆಗೆ ತುಂಬಬೇಕು. ಮಧ್ಯೆ ಒಂದು ಪ್ಯಾರಾ ಸೇರಿಸಿದರೂ ಅದರ ಕೆಳಗಿನ ನಂಬರ್ ಎಲ್ಲ ಜಾರಿಬಿಡುತ್ತವೆ.

ಕಾಗುಣಿತ, ನಕ್ಷೆಯ ಸ್ಕೇಲ್ ಇಂಥ ಕಾಮೆಂಟ್‌ಗಳು ಒಂದೇ ಸಂಜೆಯಲ್ಲಿ ಮುಗಿದವು. ತಲೆ ತಿಂದದ್ದು ಎರಡು.

ಮೊದಲನೆಯದು ರಿವ್ಯೂವರ್ 1ರದ್ದು. ಈ ನೀರಿನಲ್ಲಿ ಕ್ಷಾರ ಜಾಸ್ತಿ ಇದೆ, ಫ್ಲೋರೈಡ್ ಎಲೆಕ್ಟ್ರೋಡ್ ಹೈಡ್ರಾಕ್ಸೈಡನ್ನೂ ಫ್ಲೋರೈಡ್ ಅಂತ ಓದಿರಬಹುದು, ಹಾಗಾಗಿ ನಿಮ್ಮ ಅಂಕಿ ನಂಬೋದು ಹೇಗೆ? ಅವರ ಅನುಮಾನಕ್ಕೆ ಆಧಾರ ಇದೆ: ಹೈಡ್ರಾಕ್ಸೈಡ್ ಅಯಾನಿನ ಗಾತ್ರ ಫ್ಲೋರೈಡಿಗೆ ಹತ್ತಿರ, ಎಲೆಕ್ಟ್ರೋಡಿನ ಲ್ಯಾಂಥನಮ್ ಫ್ಲೋರೈಡ್ ಹರಳು ಅದಕ್ಕೂ ಸ್ಪಂದಿಸುತ್ತದೆ. ಆದರೆ ಅಳೆಯುವ ಮುಂಚೆ ಪ್ರತಿ ಮಾದರಿಗೂ ಅಷ್ಟೇ ಪ್ರಮಾಣದ ಟೈಸ್ಯಾಬ್ ಬಫರ್ ಸೇರಿಸಿದ್ದೆವು. ಅದು ಪಿಎಚ್ಚನ್ನು ಐದೂವರೆಯ ಆಸುಪಾಸಿಗೆ ತರುತ್ತದೆ, ಅಲ್ಲಿ ಹೈಡ್ರಾಕ್ಸೈಡ್ ಲೆಕ್ಕಕ್ಕೇ ಬರೋದಿಲ್ಲ. ಅಲ್ಯೂಮಿನಿಯಮ್ಮಿಗೆ ಕಟ್ಟಿಕೊಂಡ ಫ್ಲೋರೈಡನ್ನೂ ಅದು ಬಿಡಿಸುತ್ತದೆ.

ಅಂದರೆ ಈ ಕಾಮೆಂಟಿನಲ್ಲಿ ನಾವೇ ಸರಿ. ಸೀನಿಯರ್ ಒಬ್ಬರು ‘ಬಫರ್ ಬಳಸಿದ್ದೇವೆ, ಬದಲಾವಣೆ ಬೇಕಿಲ್ಲ’ ಅಂತ ಬರೆದು ಮುಂದೆ ಹೋಗೋಣ ಅಂದರು. ಮೇಡಂ ಒಪ್ಪಲಿಲ್ಲ. ಪೇಪರ್‌ನಲ್ಲಿ ಇದ್ದದ್ದು ‘ಪ್ರಮಾಣಿತ ವಿಧಾನದಂತೆ’ ಅನ್ನೋ ಒಂದೇ ಮಾತು. ವಿಷಯ ಗೊತ್ತಿರೋ ರಿವ್ಯೂವರ್‌ಗೇ ಅನುಮಾನ ಬಂದಿದೆ ಅಂದಮೇಲೆ ನಾಳೆ ಓದೋರಿಗೂ ಬರುತ್ತದೆ. ಹಾಗಾಗಿ ಕಾರಣವನ್ನು ಪತ್ರದಲ್ಲಿ ಬರೆದು, ಬಫರ್ ಮತ್ತು ಪಿಎಚ್ ಬಗ್ಗೆ ಎರಡು ವಾಕ್ಯ ಪೇಪರ್‌ಗೂ ಸೇರಿಸಿದೆವು. ‘ತಾವು ಗಮನಿಸಿಲ್ಲ’ ಅಂತ ಎಲ್ಲೂ ಬರೆಯಲಿಲ್ಲ. ನಾನು ಹಾಕಿದ್ದ ಎಂಟು ‘ಧನ್ಯವಾದ’ಗಳಲ್ಲಿ ಆರಕ್ಕೆ ಕತ್ತರಿ ಬಿತ್ತು!

ಎರಡನೆಯದು ರಿವ್ಯೂವರ್ 2ರದ್ದು. ಮಾದರಿಗಳೆಲ್ಲ ಮೇ ತಿಂಗಳವು, ಮಳೆಗಾಲದ ನಂತರವೂ ಹೀಗೇ ಇರುತ್ತದೆ ಅನ್ನೋದಕ್ಕೆ ಏನು ಆಧಾರ?

ಇದಕ್ಕೆ ನಮ್ಮಲ್ಲಿ ಡೇಟಾ ಇಲ್ಲ. ಉತ್ತರಕ್ಕೆ ಕೊಟ್ಟದ್ದು ಅರವತ್ತು ದಿನ, ಮಳೆಗಾಲ ಮುಗಿಯೋಕೆ ಅದಕ್ಕಿಂತ ಹೆಚ್ಚು ಕಾಲ ಬೇಕಿತ್ತು. ‘ಮಳೆ ನೀರು ಸೇರಿ ಫ್ಲೋರೈಡ್ ಕಡಿಮೆಯಾಗುತ್ತದೆ’ ಅಂತ ತರ್ಕದಿಂದ ಬರೆಯಬಹುದಲ್ಲಾ ಅಂತ ಕೇಳಿದೆ. ಮೇಡಂ ಹೇಳಿದ ಪ್ರಕಾರ ಅದು ಎರಡೂ ಕಡೆ ಹೋಗಬಹುದು. ಇಂಗಿದ ಮಳೆ ನೀರು ಅಂತರ್ಜಲವನ್ನು ತೆಳುವಾಗಿಸಬಹುದು. ಒಣ ಮಣ್ಣಿನಲ್ಲಿ ಕೂತ ಲವಣವನ್ನು ತೊಳೆದು ಕೆಳಗಿಳಿಸಿ ಫ್ಲೋರೈಡನ್ನು ಏರಿಸಲೂಬಹುದು. ಯಾವ ಬಾವಿಯಲ್ಲಿ ಯಾವುದು ಅಂತ ಅಳೆಯದೆ ಹೇಳೋಕೆ ಆಗಲ್ಲ.

ಆಗ ನನಗೆ ನೆನಪಾದದ್ದು ಹೊಸದುರ್ಗ ಕಡೆಯ ಒಂದು ಬೋರ್‌ವೆಲ್. ಅದರಲ್ಲಿ ಬಂದದ್ದು ಲೀಟರಿಗೆ 1.4 ಮಿಲಿಗ್ರಾಂ. ಭಾರತೀಯ ಮಾನಕದಲ್ಲಿ ಒಪ್ಪಬಹುದಾದ ಮಿತಿ 1.0, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡುತ್ತಾರೆ. ನಮ್ಮ ಟೇಬಲ್‌ನಲ್ಲಿ ಆ ಬಾವಿ ‘ಮಿತಿಯೊಳಗೆ’ ಅನ್ನೋ ಕಾಲಂನಲ್ಲಿತ್ತು. ಒಂದಿಷ್ಟು ಏರಿದರೂ ಅದು ಪಕ್ಕದ ಕಾಲಂಗೆ ಹೋಗುತ್ತದೆ. ಬಾಟಲಿ ತುಂಬಿಸುವಾಗ ಅಲ್ಲಿನ ಅಜ್ಜಿ, ‘ಏನಪ್ಪ, ಈ ನೀರು ಕುಡೀಬೋದಾ?’ ಅಂತ ಕೇಳಿದ್ದರು.

ಕೊನೆಗೆ ಪತ್ರದಲ್ಲಿ ಹೋದದ್ದರ ಸಾರ ಇಷ್ಟು: ‘ರಿವ್ಯೂವರ್ ಹೇಳಿದ್ದನ್ನು ಒಪ್ಪುತ್ತೇವೆ. ಮಳೆಗಾಲದ ನಂತರದ ಮಾದರಿ ನಮ್ಮಲ್ಲಿಲ್ಲ. ಆದ್ದರಿಂದ ಶೀರ್ಷಿಕೆಗೆ “ಮುಂಗಾರು ಪೂರ್ವ” ಎಂದು ಸೇರಿಸಿದ್ದೇವೆ. ವರ್ಷವಿಡೀ ಅನ್ವಯಿಸುವಂತೆ ಓದಿಸುತ್ತಿದ್ದ ಮೂರು ವಾಕ್ಯ ತೆಗೆದಿದ್ದೇವೆ. 1.0ರಿಂದ 1.5ರ ನಡುವಿನ ಬಾವಿಗಳನ್ನು ಪ್ರತ್ಯೇಕ ಗುಂಪಾಗಿ ತೋರಿಸಿ, ಮಳೆಗಾಲದ ನಂತರ ಮತ್ತೆ ಅಳೆಯಬೇಕೆಂದು ಬರೆದಿದ್ದೇವೆ.’ ಕೆಳಗೆ ಮೂರು ವಾಕ್ಯಗಳ ಹಳೆಯ ರೂಪ, ಹೊಸ ರೂಪ, ಸಾಲಿನ ಸಂಖ್ಯೆ.

ಹೊಸ ಟೇಬಲ್‌ನಲ್ಲಿ ಅಜ್ಜಿಯ ಬಾವಿ ಆ ನಡುವಿನ ಗುಂಪಿನಲ್ಲಿದೆ. ನವೆಂಬರಿನಲ್ಲಿ ಮತ್ತೆ ಹೋಗಬೇಕಾದ ಬಾವಿಗಳ ಪಟ್ಟಿಯನ್ನು ಲ್ಯಾಬ್ ಗೋಡೆಗೆ ಅಂಟಿಸಿದ್ದೇವೆ, ಅದರಲ್ಲಿ ಮೊದಲನೆಯದು ಅದೇ.