ಲಾಗ್ ಪುಸ್ತಕ ಕೊಟ್ಟ 0.43

ವಕ್ಕಲೇರಿಯಲ್ಲಿ ಪ್ರಥಮ ಪಿಯುಸಿಗೆ ನನ್ನ ಅಭ್ಯಾಸ ಪಾಠ. x ಸೊನ್ನೆಯನ್ನು ಸಮೀಪಿಸಿದಾಗ ln(1+x)/x ನ ಮಿತಿ 1 ಎಂದು ಹಲಗೆಯ ಮೇಲೆ ಬರೆದು, ಲಾಗ್ ಪುಸ್ತಕ ನೋಡಿ ತಾಳೆ ಮಾಡಿ ಎಂದೆ. x = 0.01 ಇಟ್ಟು ಮಕ್ಕಳು 1.01ರ ಲಾಗ್ 0.0043 ತೆಗೆದರು. 0.01ರಿಂದ ಭಾಗಿಸಿದರೆ 0.43. ಒಂದರ ಹತ್ತಿರವೂ ಇಲ್ಲ! ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೆವರಿದೆ.

ಹಿಂದಿನ ಬೆಂಚಿನ ಹುಡುಗಿ, "ಮೇಡಂ, ಕೆಮಿಸ್ಟ್ರಿಯಲ್ಲಿ 2.303ರಿಂದ ಗುಣಿಸ್ತೀವಲ್ಲ?" ಎಂದಳು. ಹೌದು! ಪುಸ್ತಕದ ಲಾಗ್‌ನ ಆಧಾರ 10, ಸೂತ್ರದ್ದು e. ಗುಣಿಸಿದರೆ 0.99 ಬಂತು. x ಅನ್ನು ಇನ್ನೂ ಕಿರಿದು ಮಾಡೋಣವೆಂದರೆ ನಾಲ್ಕಂಕಿಯ ಪುಸ್ತಕ ಸಾಲದು, 1.001ಕ್ಕೆ ಅದು ಕೊಡುವುದು 0.0004 ಅಷ್ಟೆ.

ಉಳಿದ ಹತ್ತು ನಿಮಿಷದಲ್ಲಿ ಘಾತದ ಮಿತಿಗೆ ಬಂದೆ. y = ln(1+x) ಎಂದಿಟ್ಟರೆ x = e^y − 1. x ಸೊನ್ನೆಗೆ ಹೋದರೆ y ಕೂಡ ಹೋಗುತ್ತದೆ. ಆಗ ನಮ್ಮ ಭಾಗಲಬ್ಧ y/(e^y − 1) ಆಗುತ್ತದೆ. ಅದರ ಮಿತಿ 1 ಆದ್ದರಿಂದ ವ್ಯುತ್ಕ್ರಮ (e^y − 1)/y ನ ಮಿತಿಯೂ 1.

"e ಬದಲು 10 ಇಟ್ರೆ?" ಎಂದು ಅದೇ ಹುಡುಗಿ ಕೇಳಿದಳು. (10^y − 1)/y ನ ಮಿತಿ ಸುಮಾರು 2.303, ಅವಳು ಹೇಳಿದ ಸಂಖ್ಯೆಯೇ.