ಕೊಂಡ ಮೇಲೂ ಬೆಲೆ ನೋಡುವವರು

ವಿಮಾನದ ಟಿಕೆಟ್ ಕೊಂಡ ಮೇಲೆ ಮತ್ತೆ ಅದರ ಬೆಲೆ ನೋಡಬಾರದು, ಸುಮ್ಮನೆ ಹೊಟ್ಟೆ ಉರಿ ಅಂತ ನನ್ನ ಗೆಳತಿ ಹೇಳುತ್ತಾಳೆ. ನಾನು ನೋಡುತ್ತೇನೆ. ಅಮೆರಿಕಾದಲ್ಲಿ ಹಾಗೆ ನೋಡುವುದರಿಂದ ಕೆಲವೊಮ್ಮೆ ದುಡ್ಡು ಉಳಿಯುತ್ತದೆ.

ಕಳೆದ ವರ್ಷ ಡಲ್ಲಾಸಿನಲ್ಲಿರುವ ತಂಗಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ಬಾಣಂತನಕ್ಕೆಂದು ಬಂದಿದ್ದ ಅಪ್ಪ ಅಮ್ಮ ಸಿಯಾಟಲ್‌ನ ನಮ್ಮ ಮನೆಯಲ್ಲಿ ಎರಡು ತಿಂಗಳಿದ್ದು, ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುವುದೆಂದಾಯಿತು. ಜೊತೆಗೆ ನಾನೂ ಹೊರಟೆ. ಫೆಬ್ರವರಿಯಲ್ಲೇ ಮೂವರಿಗೂ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ತೆಗೆದೆ. ಒಬ್ಬರಿಗೆ 289 ಡಾಲರ್, ಒಟ್ಟು 867. ಮಗು ಯಾವಾಗ ಬರುತ್ತದೋ, ಅಮ್ಮ ಎಷ್ಟು ದಿನ ಇರುತ್ತಾಳೋ ಗೊತ್ತಿರಲಿಲ್ಲವಾದ್ದರಿಂದ ವಾಪಸಿನ ಟಿಕೆಟ್ ತೆಗೆದಿರಲಿಲ್ಲ. ಇದು ಮುಂದೆ ಉಪಯೋಗಕ್ಕೆ ಬಂತು.

ಮೂರು ವಾರ ಕಳೆದು ನೋಡಿದರೆ ಅದೇ ವಿಮಾನದ ಎದುರು 199 ಅಂತ ಇತ್ತು. ಅಪ್ಪನಿಗೆ ತೋರಿಸಿ, "ವ್ಯತ್ಯಾಸದ ದುಡ್ಡು ಕೇಳಿ ನೋಡ್ತೀನಿ" ಅಂದೆ. ಅಪ್ಪ ನಂಜನಗೂಡಿನಲ್ಲಿ ಮೂವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ಅವರಿಗೆ ಇದು ಸರಿ ಕಾಣಲಿಲ್ಲ.

"ಅಂಗಡಿ ಮೆಟ್ಟಿಲು ಇಳಿದ ಮೇಲೆ ಎಂಥ ಚೌಕಾಸಿನೇ ಪುಟ್ಟಿ? ಆಷಾಢದಲ್ಲಿ ನಾನು ಸೀರೆ ಬೆಲೆ ಇಳಿಸ್ತಿದ್ದೆ. ಯುಗಾದಿಗೆ ತಗೊಂಡವರು ಬಂದು ಮಿಕ್ಕಿದ್ದು ಕೊಡಿ ಅಂದಿದ್ರೆ ಕೊಡ್ತಿದ್ನಾ?"

"ಅವರು ಸೀರೆ ವಾಪಸ್ ಕೊಟ್ಟು ಅದನ್ನೇ ಹೊಸ ಬೆಲೆಗೆ ತಗೋಬಹುದು ಅಂತ ನಿಮ್ಮ ರಸೀದಿಯಲ್ಲೇ ಬರೆದಿದ್ರೆ?"

"ಅಂಥ ರಸೀದಿ ಯಾವ ಹುಚ್ಚ ಬರೀತಾನೆ?"

ವಿಷಯ ಇರುವುದೇ ಅಲ್ಲಿ. ಇಲ್ಲಿನ ದೊಡ್ಡ ವಿಮಾನ ಕಂಪನಿಗಳು 2020ರವರೆಗೆ ಅಂಥ ರಸೀದಿ ಬರೆಯುತ್ತಿರಲಿಲ್ಲ. ದೇಶದೊಳಗಿನ ಟಿಕೆಟ್ಟಿನಲ್ಲಿ ಏನೇ ಬದಲಾಯಿಸಿದರೂ ಸಾಮಾನ್ಯವಾಗಿ 200 ಡಾಲರ್ ಶುಲ್ಕವಿತ್ತು. ಬೆಲೆ ತೊಂಬತ್ತು ಇಳಿದರೆ ಇನ್ನೂರು ಕೊಟ್ಟು ತೊಂಬತ್ತು ಯಾರು ಕೇಳುತ್ತಾರೆ? ಕೊರೊನಾ ಕಾಲದಲ್ಲಿ ಜನ ಟಿಕೆಟ್ ಕೊಳ್ಳುವುದೇ ನಿಂತಾಗ, ಆ ವರ್ಷದ ಆಗಸ್ಟ್ ಕೊನೆಯಲ್ಲಿ ಯುನೈಟೆಡ್ ಈ ಶುಲ್ಕ ತೆಗೆದುಹಾಕಿತು. ಒಂದೆರಡು ದಿನದಲ್ಲೇ ಡೆಲ್ಟಾ, ಅಮೆರಿಕನ್, ಅಲಾಸ್ಕಾ ಕೂಡ ಹಿಂಬಾಲಿಸಿದವು. ಸೌತ್‌ವೆಸ್ಟ್ ಮೊದಲಿನಿಂದಲೂ ಅದನ್ನು ಹಾಕುತ್ತಿರಲಿಲ್ಲ. ಇವರು ಯಾರೂ "ಬೆಲೆ ಇಳಿದರೆ ವ್ಯತ್ಯಾಸ ಕೊಡುತ್ತೇವೆ" ಎಂದು ಹೇಳಲಿಲ್ಲ. ಬದಲಾವಣೆ ಉಚಿತ ಎಂದರು, ಅಷ್ಟೇ. ಆದರೆ ನಾನು ನನ್ನ ಟಿಕೆಟ್ಟನ್ನು ಅದೇ ದಿನದ ಅದೇ ವಿಮಾನಕ್ಕೇ 'ಬದಲಾಯಿಸಿಕೊಂಡರೆ' ಹೊಸ ಬೆಲೆ ಅನ್ವಯಿಸುತ್ತದೆ, ಮಿಕ್ಕಿದ್ದು ನನ್ನ ಹೆಸರಿಗೆ ಕ್ರೆಡಿಟ್ ಆಗಿ ಬರುತ್ತದೆ. ಕೈಗೆ ನಗದು ಬರುವುದಿಲ್ಲ. ನಗದು ಬೇಕಿದ್ದರೆ ಕೊಂಡ 24 ಗಂಟೆಯೊಳಗೆ ಬೆಲೆ ಇಳಿಯಬೇಕು. ಹೊರಡಲು ಏಳು ದಿನವಾದರೂ ಇದ್ದು, ಕಂಪನಿಯಿಂದಲೇ ನೇರ ಕೊಂಡಿದ್ದರೆ, ಆ ಒಂದು ದಿನದೊಳಗೆ ರದ್ದುಮಾಡಿ ಪೂರ್ತಿ ಹಣ ಪಡೆಯಲು ಇಲ್ಲಿನ ಸಾರಿಗೆ ಇಲಾಖೆಯ ನಿಯಮವೇ ದಾರಿ ಮಾಡಿಕೊಟ್ಟಿದೆ. (ಕೆಲವು ಕಂಪನಿಗಳು ಅದರ ಬದಲು ಹಣ ಪಡೆಯದೆ ಒಂದು ದಿನ ಸೀಟು ಕಾದಿಡುತ್ತವೆ.)

ಅಪ್ಪನಿಗೆ ಇಷ್ಟು ಹೇಳಿ 199ರ ಮೇಲೆ ಒತ್ತಿದರೆ, ಅದು ಬೇಸಿಕ್ ಎಕಾನಮಿ ದರ. ಬೆಲೆಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವಾಗಲೂ ಅದೇ. ನಾವು ಕೊಂಡಿದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ನಮ್ಮ ದರ್ಜೆಯ ಬೆಲೆ ಈಗಲೂ 289, ಬಿಡಿಗಾಸೂ ಇಳಿದಿರಲಿಲ್ಲ. ಬೇಸಿಕ್ ಕೊಂಡವರಿಗೆ ಸಾಮಾನ್ಯವಾಗಿ ಈ ಉಚಿತ ಬದಲಾವಣೆ ಇಲ್ಲ. 2025ರಲ್ಲಿ ಸೌತ್‌ವೆಸ್ಟ್ ಕೂಡ ಬೇಸಿಕ್ ಎಂಬ ದರ ತಂದಿತು. ಅದನ್ನು ಬದಲಾಯಿಸಲಾಗದು. ರದ್ದುಮಾಡಿದರೆ ಕ್ರೆಡಿಟ್ ಸಿಗುತ್ತದೆ, ಅದಕ್ಕೂ ಆರೇ ತಿಂಗಳ ಆಯುಸ್ಸು. ಟಿಕೆಟ್ ಕೊಳ್ಳುವಾಗ ಮೂವತ್ತು ನಲವತ್ತು ಡಾಲರ್ ಹೆಚ್ಚು ಕೊಡಬೇಕೇ ಎಂದು ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಆಮೇಲೆ ಇನ್ನೊಂದು ಕಂಡಿತು. ಮೂವರಿಗೆ ಎಂದು ಹುಡುಕಿದರೆ ತಲಾ 289 ತೋರಿಸುವ ತಾಣ, ಒಬ್ಬರಿಗೆ ಎಂದು ಹುಡುಕಿದರೆ ನಮ್ಮದೇ ದರ್ಜೆಗೆ 229 ತೋರಿಸಿತು. ಅಪ್ಪ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ನೋಡಿದರು. ಇದು ಮೋಸವಲ್ಲ. ಒಂದೇ ಥರದ ಸೀಟುಗಳನ್ನೇ ಕಂಪನಿ ಹಲವು ಬೆಲೆಗಳಲ್ಲಿ ಪಾಲು ಮಾಡಿಟ್ಟಿರುತ್ತದೆ, ಒಂದೊಂದು ಪಾಲಿಗೆ ಒಂದೊಂದು ಅಕ್ಷರ. ಅಗ್ಗದ ಪಾಲಿನಲ್ಲಿ ಒಂದೇ ಸೀಟು ಉಳಿದಿದ್ದು ನಾವು ಮೂರು ಕೇಳಿದರೆ, ಗಣಕ ಮೂವರನ್ನೂ ಮೂರು ಸೀಟಿರುವ ದುಬಾರಿ ಪಾಲಿಗೆ ಕಳಿಸುತ್ತದೆ. "ಒಂದೇ ಥಾನು, ಮೂರು ಬೆಲೆ ಚೀಟಿ" ಎಂದರು ಅಪ್ಪ. ಈಗ ಅವರಿಗೂ ರುಚಿ ಹತ್ತಿತ್ತು.

ಆ ಒಂದು ಸೀಟಿನ ಅರವತ್ತು ಡಾಲರ್ ಪಡೆಯಬಹುದಿತ್ತು. ಕಂಪನಿಗೆ ಫೋನ್ ಮಾಡಿ ನನ್ನೊಬ್ಬಳನ್ನು ಬೇರೆ ಪಿಎನ್‌ಆರ್‌ಗೆ ಹಾಕಿಸಬೇಕು, ಆಮೇಲೆ ಬೆಲೆ ಬದಲಾಯಿಸಬೇಕು. ನಾನು ಮಾಡಲಿಲ್ಲ. ವಿಮಾನ ರದ್ದಾದರೆ ಕಂಪನಿಯ ಗಣಕ ಒಂದೊಂದು ಪಿಎನ್‌ಆರನ್ನು ಒಂದೊಂದು ಕುಟುಂಬವೆಂದು ತಿಳಿದು ಬೇರೆ ವಿಮಾನ ಕೊಡುತ್ತದೆ. ನಾನು ಸಂಜೆಯ ವಿಮಾನದಲ್ಲಿ, ಮಂಡಿನೋವಿನ ಅಮ್ಮ ಮರುದಿನ ಬೆಳಿಗ್ಗೆ ಡೆನ್ವರ್ ಮೇಲೆ ಸುತ್ತಿ ಬರುವ ವಿಮಾನದಲ್ಲಿ ಎಂದಾಗಿಬಿಟ್ಟರೆ? ಎರಡೂ ಪಿಎನ್‌ಆರ್‌ ಒಟ್ಟಿಗೆ ಪ್ರಯಾಣಿಸುತ್ತಿವೆ ಎಂದು ಟಿಪ್ಪಣಿ ಬರೆಸಬಹುದು, ಆದರೆ ಆ ಗಡಿಬಿಡಿಯಲ್ಲಿ ಅದನ್ನು ಓದುವವರು ಯಾರು? ಒಬ್ಬಳೇ ಹೊರಟಿದ್ದರೆ ಯೋಚಿಸುತ್ತಲೂ ಇರಲಿಲ್ಲ.

ಒಂಬತ್ತು ದಿನ ಬಿಟ್ಟು ಮೂವರಿಗೂ 229 ಬಂತು. ಆ ಹೊತ್ತಿಗೆ ದಿನಾ ಬೆಳಿಗ್ಗೆ ಕಾಫಿ ಜೊತೆ ಬೆಲೆ ನೋಡುತ್ತಿದ್ದವರು ಅಪ್ಪನೇ. ನಮ್ಮ ಟಿಕೆಟ್ ತೆರೆದು Change flight ಒತ್ತಿ ಅದೇ ದಿನ ಕೊಟ್ಟೆ. ನಮ್ಮದೇ ವಿಮಾನ ಪಟ್ಟಿಯಲ್ಲಿತ್ತು. (ಕೆಲವು ತಾಣಗಳು ಈಗಾಗಲೇ ಕೊಂಡಿರುವ ವಿಮಾನವನ್ನು ತೋರಿಸುವುದಿಲ್ಲ. ಆಗ ಫೋನ್ ಮಾಡಿ, ಇದೇ ಟಿಕೆಟ್ಟನ್ನು ಈಗಿನ ಬೆಲೆಗೆ ಮರುವಿತರಣೆ ಮಾಡಿಕೊಡಿ ಎಂದು ಕೇಳಬೇಕು. ಬೇರೆ ಏಜೆಂಟ್ ತಾಣದಿಂದ ಕೊಂಡಿದ್ದರೆ ಸಾಮಾನ್ಯವಾಗಿ ಅವರನ್ನೇ ಕೇಳಬೇಕಾಗುತ್ತದೆ.) ಕೊನೆಯ ಪುಟದಲ್ಲಿ ಶುಲ್ಕ ಸೊನ್ನೆ, ಮರಳುವುದು 180 ಎಂದು ಕಂಡ ಮೇಲೆಯೇ ಒಪ್ಪಿಗೆ ಒತ್ತಿದೆ. ಮೊದಲು ರದ್ದುಮಾಡಿ ಆಮೇಲೆ ಕೊಳ್ಳೋಣವೆಂದು ಹೊರಟರೆ, ನಡುವಿನ ಎರಡು ನಿಮಿಷದಲ್ಲಿ ಆ ಅಗ್ಗದ ಸೀಟು ಬೇರೆಯವರ ಪಾಲಾಗಬಹುದು. ಹೊಸ ಟಿಕೆಟ್ಟಿನಲ್ಲಿ ನಮ್ಮ ಆಸನ ಸಂಖ್ಯೆಗಳು ಅಳಿಸಿಹೋಗಿದ್ದವು, ಮತ್ತೆ ಒಂದೇ ಸಾಲು ಹಿಡಿದೆ.

"ಬ್ಯಾಂಕಿಗೆ ಯಾವಾಗ ಬರುತ್ತೆ?" ಎಂದರು ಅಪ್ಪ. ಬರುವುದಿಲ್ಲ ಎಂದೆ. ಅವರವರ ಅರವತ್ತು ಅವರವರ ಹೆಸರಿಗೇ, ಆ ಕಂಪನಿಯ ವಿಮಾನಕ್ಕೇ. ಅವಧಿ ಒಂದು ವರ್ಷ, ಅದೂ ಲೆಕ್ಕ ಶುರುವಾಗುವುದು ಫೆಬ್ರವರಿಯಲ್ಲಿ ಮೂಲ ಟಿಕೆಟ್ ಕೊಂಡ ದಿನದಿಂದ. ಊರಿಗೆ ಹೊರಟುಹೋಗುವ ತಂದೆತಾಯಿಯ ಹೆಸರಿನಲ್ಲಿ ಹೀಗೆ ಉಳಿದ ಕ್ರೆಡಿಟ್ ಎಷ್ಟು ಮನೆಗಳಲ್ಲಿ ಸದ್ದಿಲ್ಲದೆ ಸತ್ತಿದೆಯೋ! ನಮಗೆ ವಾಪಸಿನ ಟಿಕೆಟ್ ಬಾಕಿಯಿತ್ತು. ಮೈಲುಗಳಲ್ಲಿ ಕೊಂಡಿದ್ದರೆ ಈ ತಾಪತ್ರಯವಿಲ್ಲ, ಹೆಚ್ಚಿನ ಅಮೆರಿಕನ್ ಕಂಪನಿಗಳಲ್ಲಿ ಉಳಿದ ಮೈಲು ಖಾತೆಗೇ ಮರಳುತ್ತದೆ.

ಬೆಂಗಳೂರಿಗೆ ಹಿಂತಿರುಗುವ ಅವರ ಟಿಕೆಟ್ಟಿನ ಬೆಲೆಯೂ ಮೇ ತಿಂಗಳಲ್ಲಿ ಇಳಿಯಿತು, ನಾಲ್ಕು ಸಾವಿರ ರೂಪಾಯಿ. ಅದನ್ನು ಊರಿನಲ್ಲೇ ಅಗ್ಗದ ದರದಲ್ಲಿ ಕೊಂಡಿದ್ದರು. ಅದರ ನಿಯಮ ತೆಗೆದು ಓದಿದೆ, ಬದಲಾವಣೆ ಶುಲ್ಕ ಆ ನಾಲ್ಕು ಸಾವಿರಕ್ಕಿಂತ ಹೆಚ್ಚಿತ್ತು. ಅಪ್ಪನಿಗೆ ಹೇಳಿದೆ. "ಹೂಂ, ಇದು ನನ್ನ ಅಂಗಡಿ ರಸೀದಿ" ಎಂದರು.

ಜುಲೈನಲ್ಲಿ ಡಲ್ಲಾಸಿನಿಂದ ಸಿಯಾಟಲ್‌ಗೆ ಇಬ್ಬರ ಟಿಕೆಟ್ ತೆಗೆಯುವಾಗ ನೂರಿಪ್ಪತ್ತು ಡಾಲರ್ ಕಳೆದುಕೊಂಡೆವು. ಕ್ರೆಡಿಟ್ಟಿನ ಉದ್ದುದ್ದ ಸಂಖ್ಯೆಗಳನ್ನು ಫೋನಿನಲ್ಲಿ ಓದಿ ಹೇಳಿದವರು ಅಪ್ಪ. ಪಾಕೆಟ್ ಪುಸ್ತಕದಲ್ಲಿ, ಸಾಲದ ಗಿರಾಕಿಗಳ ಬಾಕಿ ಬರೆಯುತ್ತಿದ್ದ ಹಾಗೆ, ಕಂಪನಿಯ ಹೆಸರು, ಮೊತ್ತ ಮತ್ತು ವಾಯಿದೆ ತಾರೀಖು ಬರೆದಿಟ್ಟುಕೊಂಡಿದ್ದರು.