ಕೊಟ್ಟಿಗೆಹಾರದಲ್ಲಿ ಕಾರು ಕುದ್ದಾಗ

ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗೋದು ಹೊಸದೇನಲ್ಲ. ಎರಡನೇ ಗೇರು, ಆಮೆ ವೇಗ, ಮೇಲೆ ಎ.ಸಿ. ಬೇರೆ! ನಿಲ್ಲಿಸಿದ್ದೇ ತಡ, ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ತಾರೆ ಮಾರಾಯ್ರೆ.

ಒಳಗಿರೋದು ಕುಕ್ಕರ್ ಕಥೆಯೇ. ಅಷ್ಟು ಎತ್ತರದಲ್ಲಿ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಆದ್ರೆ ಮುಚ್ಚಳದ ಸ್ಪ್ರಿಂಗ್ ಒತ್ತಡ ಹಿಡಿದಿಡೋದ್ರಿಂದ ರೇಡಿಯೇಟರಿನ ನೀರು 110 ದಾಟಿದ್ರೂ ಕುದಿಯದೆ ಸುಮ್ಮನಿರುತ್ತೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು, ನೀರು ಒಮ್ಮೆಲೇ ಕುದ್ದು ಆವಿಯ ಜತೆ ಮುಖಕ್ಕೆ ಚಿಮ್ಮುತ್ತೆ.

ಹೋದ ಸಲ ಗೆಳೆಯನ ಕಾರು ಹೀಗೇ ಕೈಕೊಟ್ಟಾಗ ಎಂಜಿನ್ ಆರಿಸಿ, ಮುಕ್ಕಾಲು ಗಂಟೆ ನೀರುದೋಸೆ ತಿಂದ್ವಿ (ಕೊಟ್ಟಿಗೆಹಾರದಲ್ಲಿ ಅದಕ್ಕೇನು ಬರ!). ಆಮೇಲೆ ರೇಡಿಯೇಟರಿನ ಮೇಲಿನ ರಬ್ಬರ್ ಪೈಪ್ ಮುಟ್ಟಿ ನೋಡಿದ. ಬಿಸಿ ಆರಿತ್ತು, ಹಿಂಡಿದ್ರೆ ಮೆತ್ತಗಿತ್ತು. ಗಟ್ಟಿಯಾಗಿದ್ರೆ ಒತ್ತಡ ಇನ್ನೂ ಇದೆ ಅಂತ ಅರ್ಥ, ಇನ್ನೊಂದು ಪ್ಲೇಟ್ ಹೇಳಬೇಕಿತ್ತು. ದಪ್ಪ ಟವೆಲ್ ಮಡಿಸಿ ಮುಚ್ಚಳದ ಮೇಲಿಟ್ಟು, ಮುಖ ದೂರ ಹಿಡಿದು, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿದ. ಸುಸ್ಸ್... ಅದು ಪೂರ್ತಿ ನಿಂತ ಮೇಲೆ ಒತ್ತಿ ತಿರುಗಿಸಿ ತೆಗೆದ. ಎರಡು ಲೀಟರ್ ನೀರು ಹಿಡೀತು. ಕೆಳಗಿನ ಪೈಪಿನ ಕ್ಲಿಪ್ಪು ಸಡಿಲವಾಗಿ ಸೋರ್ತಿತ್ತು. ಅದನ್ನು ಬಿಗಿ ಮಾಡಿ, ಮುಳ್ಳಿನ ಮೇಲೆ ಕಣ್ಣಿಟ್ಟು ಮೂಡಿಗೆರೆ ಸೇರಿದ್ವಿ.